ಗರ್ಭಕೋಶ ದಪ್ಪ ಆಗಿದೆ ಅಂದರೆ ಒಳಗೆ ಗಡ್ಡೆ ಇದೆ ಅಂತಲೇ ಅಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಬದಿಯಡ್ಕದ ಹತ್ತಿರ ಮನೆ. ಇಬ್ಬರು ಮಕ್ಕಳು, ಎರಡನೆಯದು ಸಿಸೇರಿಯನ್. ಎರಡು ವರ್ಷದಿಂದ ಮುಟ್ಟು ಎಂಟೊಂಬತ್ತು ದಿನ ಹೋಗುತ್ತದೆ, ಹೆಪ್ಪು ಹೆಪ್ಪಾಗಿ ಬೀಳುತ್ತದೆ. ಮುಟ್ಟಿಗೆ ನಾಲ್ಕು ದಿನ ಮೊದಲೇ ಕೆಳಹೊಟ್ಟೆ ನೋವು ಶುರು, ಕೈಯಿಟ್ಟರೂ ತಡೆಯುವುದಿಲ್ಲ. ಹಿಮೋಗ್ಲೋಬಿನ್ 8.2. ಒಂದು ಸ್ಕ್ಯಾನಿನಲ್ಲಿ 4 ಸೆಂ.ಮೀ. ಫೈಬ್ರಾಯ್ಡ್ ಅಂತ ಬಂತು, ಇನ್ನೊಂದರಲ್ಲಿ ಗಡ್ಡೆ ಇಲ್ಲ, ಗರ್ಭಕೋಶ ದಪ್ಪ, ಅಡಿನೋಮಯೋಸಿಸ್ ಇರಬಹುದು ಅಂತ. ಒಬ್ಬರು ಗಡ್ಡೆ ಮಾತ್ರ ತೆಗೆಯೋಣ ಎನ್ನುತ್ತಾರೆ, ಇನ್ನೊಬ್ಬರು ಗರ್ಭಕೋಶವೇ ತೆಗೆಯೋಣ ಎನ್ನುತ್ತಾರೆ. ಇವೆರಡೂ ಒಂದೇನಾ? ಸಿಎ 125 ಅಂತ ಒಂದು ರಕ್ತಪರೀಕ್ಷೆಯಲ್ಲಿ 78 ಬಂದಿದೆ, ಕ್ಯಾನ್ಸರ್ ಇರಬಹುದಾ?

ಉತ್ತರ: ಎರಡೂ ಒಂದೇ ಅಲ್ಲ. ನೀವು ಬರೆದದ್ದನ್ನು ಓದಿದರೆ ನನಗೆ ಅಡಿನೋಮಯೋಸಿಸ್ ಕಡೆಗೇ ಹೆಚ್ಚು ಅನುಮಾನ. ಹಾಗಿದ್ದರೆ "ಗಡ್ಡೆ ಮಾತ್ರ ತೆಗೆಯೋಣ" ಅನ್ನುವ ಮಾತಿಗೆ ಒಪ್ಪುವ ಮೊದಲು ಸ್ವಲ್ಪ ನಿಲ್ಲಿ. ಆ ಗಡ್ಡೆಗೆ ಅಂಚು ಇದೆಯಾ ಇಲ್ಲವಾ ಅನ್ನುವುದು ಮೊದಲು ಗೊತ್ತಾಗಬೇಕು. ಇವತ್ತಿನ ನನ್ನ ಉತ್ತರ ಬಹುಮಟ್ಟಿಗೆ ಆ ಒಂದು ಅಂಚಿನ ಬಗ್ಗೆಯೇ.

ಮೊದಲು ಫೈಬ್ರಾಯ್ಡ್ ಅಂದರೆ ಏನು ನೋಡೋಣ. ಗರ್ಭಕೋಶದ ಗೋಡೆ ದಪ್ಪ ಸ್ನಾಯುವಿನಿಂದ ಆದದ್ದು. ಆ ಸ್ನಾಯುವಿನ ಒಂದು ಕಣ ಬೆಳೆದು ಬೆಳೆದು ಗಟ್ಟಿ ಉಂಡೆಯಾಗುತ್ತದೆ, ಅದೇ ಫೈಬ್ರಾಯ್ಡ್. ಅದು ಬೆಳೆಯುವಾಗ ಸುತ್ತಲಿನ ಸ್ನಾಯುವನ್ನು ಒತ್ತುತ್ತದೆ, ಒತ್ತಿ ಒತ್ತಿ ಸುತ್ತ ಒಂದು ಸಿಪ್ಪೆಯಂಥದ್ದು ಉಂಟಾಗುತ್ತದೆ. ಹಲಸಿನ ಸೊಳೆಯೊಳಗೆ ಬೀಜ ಇರುತ್ತದಲ್ಲಾ, ಹಾಗೆ. ಸೊಳೆ ಸೀಳಿದರೆ ಬೀಜ ಇಡಿಯಾಗಿ ಹೊರಗೆ ಬರುತ್ತದೆ, ಸೊಳೆ ಉಳಿಯುತ್ತದೆ.

ಅಡಿನೋಮಯೋಸಿಸ್‌ನಲ್ಲಿ ಹಾಗೆ ಬೇರೆಯಾದ ಉಂಡೆ ಇಲ್ಲ. ಗರ್ಭಕೋಶದ ಒಳಮೈಗೆ ಒಂದು ಮೆತ್ತನೆಯ ಪದರ ಇದೆ, ಪ್ರತಿ ತಿಂಗಳು ಬೆಳೆದು ಕಳಚಿ ಮುಟ್ಟಾಗಿ ಹೋಗುವುದು ಅದೇ. ಹೊಟ್ಟೆಯಲ್ಲೋ ಕರುಳಲ್ಲೋ ಆದರೆ ಒಳಪದರಕ್ಕೂ ಸ್ನಾಯುವಿಗೂ ನಡುವೆ ಇನ್ನೊಂದು ಪದರ ಇರುತ್ತದೆ. ಗರ್ಭಕೋಶದಲ್ಲಿ ಆ ನಡುವಿನ ಪದರ ಇಲ್ಲ, ಒಳಪದರ ನೇರವಾಗಿ ಸ್ನಾಯುವಿನ ಮೇಲೆಯೇ ಕೂತಿದೆ. ಕೆಲವರಲ್ಲಿ ಅದು ಸ್ನಾಯುವಿನ ಸಂದುಗಳೊಳಗೆ ಇಳಿಯುತ್ತದೆ. ನಮ್ಮ ಕಡೆ ಮುರಕಲ್ಲಿನ ಗೋಡೆಗೆ ಮಳೆಗಾಲದಲ್ಲಿ ನೀರು ಇಳಿದು ಗೋಡೆ ತಂಪು ಹಿಡಿಯುವುದನ್ನು ನೋಡಿದ್ದೀರಲ್ಲಾ. ಎಲ್ಲಿಂದ ಎಲ್ಲಿಯವರೆಗೆ ನೀರು ಹೋಗಿದೆ ಅಂತ ಗೆರೆ ಎಳೆದು ತೋರಿಸಲಿಕ್ಕೆ ಆಗುತ್ತದಾ? ಇದೂ ಹಾಗೆಯೇ.

ಗೋಡೆಯೊಳಗೆ ಇಳಿದ ಆ ಚೂರುಗಳೂ ತಿಂಗಳು ತಿಂಗಳು ಹಾರ್ಮೋನಿಗೆ ಊದುತ್ತವೆ, ಕೆಲವು ಕಡೆ ಅಲ್ಲೇ ರಕ್ತವೂ ಜಿನುಗುತ್ತದೆ. ಆದರೆ ಹೊರಗೆ ಹೋಗಲಿಕ್ಕೆ ದಾರಿ ಇಲ್ಲ. ಸುತ್ತಲಿನ ಸ್ನಾಯು ಬಾತುಕೊಳ್ಳುತ್ತದೆ, ದಪ್ಪವಾಗುತ್ತದೆ. ನಿಮಗೆ ಮುಟ್ಟಿಗೆ ನಾಲ್ಕು ದಿನ ಮೊದಲೇ ನೋವು ಶುರುವಾಗುವುದು, ಕೈಯಿಟ್ಟರೆ ತಡೆಯದಿರುವುದು ಇದರಿಂದಲೇ ಇರಬೇಕು. ಇನ್ನು ರಕ್ತ ಜಾಸ್ತಿ ಯಾಕೆ ಅಂದರೆ, ಮುಟ್ಟಿನ ಸಮಯದಲ್ಲಿ ಗರ್ಭಕೋಶ ಬಿಗಿಯಾಗಿ ಹಿಂಡಿಕೊಂಡಾಗಲೇ ರಕ್ತನಾಳಗಳ ಬಾಯಿ ಮುಚ್ಚುವುದು. ಬಾತ ಗೋಡೆ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ. ಒಳಗಿನ ಜಾಗವೂ ದೊಡ್ಡದಾಗಿರುವುದರಿಂದ ಕಳಚಿ ಬೀಳುವ ಪದರವೂ ಜಾಸ್ತಿ.

ಯಾರಿಗೆ ಬರುತ್ತದೆ ಅಂದರೆ, ಹೆಚ್ಚಾಗಿ 35 ದಾಟಿದವರಿಗೆ, ಹೆರಿಗೆ ಆದವರಿಗೆ, ಸಿಸೇರಿಯನ್ ಅಥವಾ ಗರ್ಭಕೋಶ ತೊಳೆಯುವುದು ಅಂತ ನಾವು ಹೇಳುತ್ತೇವಲ್ಲಾ, ಆ ಡಿ ಆಂಡ್ ಸಿ ಆದವರಿಗೆ. ಮಕ್ಕಳಾಗದವರಿಗೂ ಬರುತ್ತದೆ, ಚಿಕ್ಕ ವಯಸ್ಸಿನ ಹೆಂಗಸರಲ್ಲೂ ಈಗ ಸ್ಕ್ಯಾನಿನಲ್ಲಿ ಕಾಣುತ್ತೇವೆ. ಸಿಸೇರಿಯನ್ ಮಾಡಿಸಿಕೊಂಡದ್ದರಿಂದಲೇ ನಿಮಗೆ ಬಂತು ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಒಬ್ಬೊಬ್ಬರಲ್ಲಿ ಕಾರಣ ಇದೇ ಅಂತ ಹೇಳಲಿಕ್ಕೆ ಬರುವುದಿಲ್ಲ.

ಫೈಬ್ರಾಯ್ಡ್ ನೋವು ಕೊಡುವುದೇ ಇಲ್ಲ ಅಂತಲ್ಲ. ಆದರೆ ಸಾಮಾನ್ಯವಾಗಿ ಅದು ಒತ್ತುತ್ತದೆ, ನೋಯಿಸುವುದು ಕಡಿಮೆ. ಮೂತ್ರಕ್ಕೆ ಪದೇ ಪದೇ ಹೋಗಬೇಕು, ಹೊಟ್ಟೆ ಭಾರ, ಮಲಬದ್ಧತೆ, ಇಂಥ ದೂರು. ಕೈಯಿಟ್ಟು ನೋಡಿದರೆ ಗರ್ಭಕೋಶ ಗಟ್ಟಿ, ಉಬ್ಬುತಗ್ಗು, ಒತ್ತಿದರೆ ನೋವಿಲ್ಲ. ಅಡಿನೋಮಯೋಸಿಸ್‌ನಲ್ಲಿ ಗರ್ಭಕೋಶ ಸುತ್ತಲೂ ಸಮನಾಗಿ ಗುಂಡಗೆ ಊದಿರುತ್ತದೆ, ಸ್ವಲ್ಪ ಮೆತ್ತಗೆ, ಮುಟ್ಟಿನ ಹತ್ತಿರದ ದಿನಗಳಲ್ಲಿ ಒತ್ತಿದರೆ ಹಲ್ಲು ಕಚ್ಚಿಕೊಳ್ಳುವಷ್ಟು ನೋವು. ಗಾತ್ರ ಮೂರು ತಿಂಗಳ ಬಸುರಿಗೆ ಇರುವಷ್ಟನ್ನು ದಾಟುವುದು ಅಪರೂಪ. ಹೊಕ್ಕುಳದವರೆಗೆ ಬೆಳೆದ ಗರ್ಭಕೋಶ ಕಂಡರೆ ನಾನು ಮೊದಲು ಫೈಬ್ರಾಯ್ಡ್ ಅಂತಲೇ ಯೋಚಿಸುತ್ತೇನೆ.

ಇಲ್ಲಿ ಒಂದು ಮಾತು. ಎರಡೂ ಒಟ್ಟಿಗೆ ಇರುವವರೂ ಬೇಕಷ್ಟು ಮಂದಿ ಇದ್ದಾರೆ. ಒಂದು ಚಿಕ್ಕ ಫೈಬ್ರಾಯ್ಡ್ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಎಲ್ಲರ ಕಣ್ಣೂ ಅದರ ಮೇಲೆಯೇ. ನಿಜವಾಗಿ ತೊಂದರೆ ಕೊಡುತ್ತಿರುವ ಬಾತ ಗೋಡೆಯನ್ನು ಯಾರೂ ನೋಡುವುದಿಲ್ಲ. ಗರ್ಭಕೋಶದ ಹೊರಮೈಯಲ್ಲಿ ಇರುವ 3-4 ಸೆಂ.ಮೀ. ಫೈಬ್ರಾಯ್ಡ್ ಮುಟ್ಟಿನಲ್ಲಿ ರಕ್ತ ಜಾಸ್ತಿ ಮಾಡುವುದಿಲ್ಲ. ಒಳಗಿನ ಕುಹರಕ್ಕೆ ಚಾಚಿಕೊಂಡದ್ದು 2 ಸೆಂ.ಮೀ. ಇದ್ದರೂ ಸಾಕು, ಬಕೆಟ್‌ಗಟ್ಟಲೆ ಹೋದ ಹಾಗೆ ಹೋಗುತ್ತದೆ. ಹಾಗಾಗಿ ಎಷ್ಟು ದೊಡ್ಡದು ಅಂತ ಮಾತ್ರ ಕೇಳಬೇಡಿ, ಎಲ್ಲಿದೆ ಅಂತಲೂ ಕೇಳಿ.

ಈಗ ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ. ಮುಳ್ಳೇರಿಯದ ಕಡೆಯವರು, 44 ವರ್ಷ, ಮನೆಯಲ್ಲಿ ಬೀಡಿ ಕಟ್ಟುವ ಕೆಲಸ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೂರು ಸ್ಕ್ಯಾನ್ ರಿಪೋರ್ಟ್ ತಂದಿದ್ದರು. ಮೊದಲನೆಯದರಲ್ಲಿ ಹಿಂಗೋಡೆಯಲ್ಲಿ 4.1 ಸೆಂ.ಮೀ. ಫೈಬ್ರಾಯ್ಡ್. ಎರಡು ತಿಂಗಳ ನಂತರದ್ದರಲ್ಲಿ 5.3. ಅದನ್ನು ನೋಡಿ ಮನೆಯವರೆಲ್ಲ ಗಡ್ಡೆ ಬೆಳೆಯುತ್ತಿದೆ ಅಂತ ಹೆದರಿದ್ದರು. ಮೂರನೆಯದರಲ್ಲಿ ಗಡ್ಡೆಯೇ ಇಲ್ಲ, "ಬಲ್ಕಿ ಯುಟೆರಸ್", ಅಂದರೆ ಗರ್ಭಕೋಶ ದಪ್ಪ, ಅಂತ ಒಂದು ಸಾಲು ಅಷ್ಟೇ.

ಆ ಮೂರು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು. ನಿಜವಾದ ಫೈಬ್ರಾಯ್ಡಿಗೆ ಅಂಚು ಇರುತ್ತದೆ, ಯಾರು ಅಳೆದರೂ ಹೆಚ್ಚುಕಡಿಮೆ ಅದೇ ಅಳತೆ ಬರಬೇಕು. ಅಂಚು ಇಲ್ಲದ್ದನ್ನು ಅಳೆಯುವಾಗ ಒಬ್ಬರು ಇಲ್ಲಿಗೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಅಲ್ಲಿಗೆ, ಮತ್ತೊಬ್ಬರಿಗೆ ಉಂಡೆಯೇ ಕಾಣುವುದಿಲ್ಲ. ಯಾರ ತಪ್ಪೂ ಅಲ್ಲ. ನಿಮ್ಮ ಎರಡು ರಿಪೋರ್ಟ್ ಬೇರೆ ಬೇರೆ ಆಗಿರುವುದೂ ನನಗೆ ಇದೇ ಕಾರಣಕ್ಕೆ ಒಂದು ಸುಳಿವು.

ಅವರು ಬಂದದ್ದು ಮುಟ್ಟಿಗೆ ಮೂರು ದಿನ ಮೊದಲು. ಪರೀಕ್ಷೆ ಮಾಡುವಾಗ ಒಂದು ಕೈ ಕೆಳಹೊಟ್ಟೆಯ ಮೇಲೆ, ಇನ್ನೊಂದು ಕೈಯ ಬೆರಳು ಒಳಗೆ, ನಡುವೆ ಗರ್ಭಕೋಶ ಸಿಗುತ್ತದೆ. ಗುಂಡಗೆ, ನುಣುಪಾಗಿ, ಎಲ್ಲೂ ಮುದ್ದೆಯಿಲ್ಲದೆ ಇತ್ತು. ಸ್ವಲ್ಪ ಒತ್ತಿದೆ, ಅಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಅಲ್ಲೇ ಡಾಕ್ಟ್ರೇ, ಅದೇ ನೋವು" ಅಂದರು. ಮುಟ್ಟು ಮುಗಿದು ಒಂದು ವಾರದ ಮೇಲೆ ಮತ್ತೆ ಬರಲಿಕ್ಕೆ ಹೇಳಿದ್ದೆ. ಆಗ ಅದೇ ಗರ್ಭಕೋಶ ಒತ್ತಿದರೆ ಅಷ್ಟು ನೋವಿರಲಿಲ್ಲ. ಈ ಏರಿಳಿತವೂ ಅಡಿನೋಮಯೋಸಿಸ್‌ನದ್ದೇ ಸ್ವಭಾವ.

ಆಮೇಲೆ ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿಸಿದೆವು. ಅವರು ಆವರೆಗೆ ಮಾಡಿಸಿದ್ದ ಮೂರೂ ಹೊಟ್ಟೆಯ ಮೇಲಿನಿಂದ, ಲೀಟರ್‌ಗಟ್ಟಲೆ ನೀರು ಕುಡಿದು ಮೂತ್ರ ತಡೆದುಕೊಂಡು ಮಾಡಿಸಿದ್ದು. ದೊಡ್ಡ ಫೈಬ್ರಾಯ್ಡ್ ನೋಡಲಿಕ್ಕೆ ಅದು ಸಾಕು, ಗೋಡೆಯೊಳಗಿನ ನಯ ನೋಡಲಿಕ್ಕೆ ಸಾಲದು. ಒಳಗಿನ ಸ್ಕ್ಯಾನಿಗೆ ಮೂತ್ರ ಮಾಡಿ ಬರಬೇಕು, ಬೆರಳು ಗಾತ್ರದ ಒಂದು ಕೋಲನ್ನು ಕವರ್ ಹಾಕಿ ಒಳಗಿಡುತ್ತಾರೆ, ಹತ್ತು ಹದಿನೈದು ನಿಮಿಷದ ಕೆಲಸ. ನಮ್ಮ ಕಡೆ ಎಷ್ಟೋ ಹೆಂಗಸರು ಇದಕ್ಕೆ ಬೇಡ ಎನ್ನುತ್ತಾರೆ, ಕೆಲವು ಕಡೆ ಕೇಳುವುದೂ ಇಲ್ಲ. ಕೇಳಿ ಮಾಡಿಸಿಕೊಳ್ಳಿ. ಹೆಣ್ಣು ಡಾಕ್ಟರೇ ಬೇಕು ಅಂದರೆ ಅದನ್ನೂ ಮೊದಲೇ ಹೇಳಿ, ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರಿನಲ್ಲಿ ಸಿಗುತ್ತಾರೆ.

ಅವರ ಸ್ಕ್ಯಾನಿನಲ್ಲಿ ಕಂಡದ್ದು ಹೀಗಿತ್ತು. ಗರ್ಭಕೋಶದ ಮುಂಗೋಡೆ ಒಂದೂವರೆ ಸೆಂ.ಮೀ. ದಪ್ಪ, ಹಿಂಗೋಡೆ ಮೂರೂವರೆ. ಆ ದಪ್ಪ ಗೋಡೆಯೊಳಗೆ ಸಾಸಿವೆ ಕಾಳಿನಂಥ ಕಪ್ಪು ಗುಳ್ಳೆಗಳು. ಗೋಡೆಯಿಂದ ಹಿಂದಕ್ಕೆ ಬೀಸಣಿಗೆಯ ಗರಿಗಳ ಹಾಗೆ ಗೆರೆಗೆರೆಯಾದ ನೆರಳು. ಒಳಪದರಕ್ಕೂ ಸ್ನಾಯುವಿಗೂ ನಡುವೆ ಸಾಮಾನ್ಯವಾಗಿ ಒಂದು ತೆಳು ಗೆರೆ ಕಾಣಬೇಕು, ಅದು ಅಲ್ಲಲ್ಲಿ ಅಳಿಸಿಹೋಗಿತ್ತು. ಆಮೇಲೆ ರಕ್ತ ಓಡುವುದನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿ ನೋಡಿದರು. ಫೈಬ್ರಾಯ್ಡಿನಲ್ಲಿ ರಕ್ತನಾಳಗಳು ಉಂಡೆಯ ಸುತ್ತ ಬಳೆಯ ಹಾಗೆ ಓಡುತ್ತವೆ. ಇವರಲ್ಲಿ ನಾಳಗಳು ದಪ್ಪಗಾದ ಜಾಗದ ನಡುವಿನಿಂದಲೇ ನೇರವಾಗಿ ಹಾದುಹೋಗಿದ್ದವು. ಬಳೆ ಇಲ್ಲ, ಅಂಚು ಇಲ್ಲ, ಅಂದರೆ ಅದು ಫೈಬ್ರಾಯ್ಡ್ ಅಲ್ಲ.

ಎಂಆರ್‌ಐ ಬೇಕಾ ಅಂತ ಅವರ ಗಂಡ ಕೇಳಿದರು. ಎಲ್ಲರಿಗೂ ಬೇಡ. ಸ್ಕ್ಯಾನ್ ಸ್ಪಷ್ಟ ಇದ್ದರೆ ಸುಮ್ನೆ ಅಷ್ಟು ದುಡ್ಡು ಯಾಕೆ? ಆಪರೇಷನ್ ಮಾಡಿ ಗಡ್ಡೆ ಮಾತ್ರ ತೆಗೆಯುವ ಯೋಚನೆ ಇದ್ದು, ಸ್ಕ್ಯಾನಿನಲ್ಲಿ ಇನ್ನೂ ಅನುಮಾನ ಉಳಿದಿದ್ದರೆ ಆಗ ಎಂಆರ್‌ಐ ಮಾಡಿಸುವುದು ಒಳ್ಳೆಯದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಆಪರೇಷನ್‌ನಲ್ಲಿ ಸಹಾಯಕ್ಕೆ ನಿಂತಿದ್ದೆ. ಫೈಬ್ರಾಯ್ಡ್ ಅಂತ ಹೊಟ್ಟೆ ತೆರೆದದ್ದು. ಗೋಡೆ ಸೀಳಿದರೆ ಸಾಮಾನ್ಯವಾಗಿ ಬಿಳಿ ಉಂಡೆ ತಾನಾಗಿ ಮೇಲೆ ಬರುತ್ತದೆ, ಬೆರಳು ಹಾಕಿ ಸುತ್ತಲೂ ಬಿಡಿಸಬಹುದು. ಅವತ್ತು ಬೆರಳಿಗೆ ದಾರಿಯೇ ಸಿಗಲಿಲ್ಲ. ಕತ್ತರಿಸಿದ ಕಡೆಯೆಲ್ಲ ನಾರುನಾರು, ಅದರಲ್ಲಿ ಕಂದು ರಕ್ತದ ಚಿಕ್ಕ ಚಿಕ್ಕ ಚುಕ್ಕೆ. ಎಲ್ಲಿ ನಿಲ್ಲಿಸಬೇಕು ಅಂತ ಯಾರಿಗೂ ತಿಳಿಯಲಿಲ್ಲ, ರಕ್ತ ಹೋಗುತ್ತಾ ಇತ್ತು. ಗೋಡೆಯನ್ನು ಎಷ್ಟು ಕತ್ತರಿಸಿದರೋ ಹೊಲಿಯಲಿಕ್ಕೆ ಅಷ್ಟು ಕಷ್ಟ. ಎರಡು ಬಾಟಲಿ ರಕ್ತ ಕೊಟ್ಟು ಕೊನೆಗೆ ಹೊಲಿದು ಮುಚ್ಚಿದೆವು. ಆಕೆಯ ಮುಟ್ಟಿನ ನೋವು ಆರು ತಿಂಗಳಲ್ಲಿ ಮರಳಿ ಬಂತು. ಅಡಿನೋಮಯೋಸಿಸ್ ಇರುವ ಜಾಗ ಮಾತ್ರ ತೆಗೆಯುವ ಆಪರೇಷನ್ ಇದೆ, ಅದರಲ್ಲೇ ಪಳಗಿದ ಕೈಗಳೂ ಇವೆ, ಮಕ್ಕಳು ಬೇಕು ಅನ್ನುವವರಿಗೆ ಯೋಚಿಸಿ ಮಾಡುತ್ತಾರೆ. ಆದರೆ ಅದು ಫೈಬ್ರಾಯ್ಡ್ ತೆಗೆದಷ್ಟು ಸಲೀಸಲ್ಲ, ಗೊತ್ತಿದ್ದು ಒಳಗೆ ಹೋಗುವುದಕ್ಕೂ ಗೊತ್ತಿಲ್ಲದೆ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮುಳ್ಳೇರಿಯದವರಿಗೆ ಏನು ಮಾಡಿದೆವು ಅಂತ ಹೇಳುತ್ತೇನೆ, ನಿಮ್ಮದೂ ಹೆಚ್ಚುಕಡಿಮೆ ಅದೇ ದಾರಿ ಇರಬಹುದು.

ಅವರ ಹಿಮೋಗ್ಲೋಬಿನ್ 7.6 ಇತ್ತು, ನಿಮ್ಮದು 8.2. ಬೇರೆ ಯಾವ ನಿರ್ಧಾರಕ್ಕೂ ಮೊದಲು ಇದನ್ನು ಸರಿ ಮಾಡಬೇಕು. ಬಸಳೆ, ಹುರುಳಿ, ಬೆಲ್ಲ ತಿನ್ನುತ್ತಿದ್ದೇನೆ ಅಂತ ಎಲ್ಲರೂ ಹೇಳುತ್ತಾರೆ. ತಿನ್ನಿ, ಒಳ್ಳೆಯದೇ. ಆದರೆ ಲೆಕ್ಕ ನೋಡಿ. ಒಂದು ಮಿಲಿಲೀಟರ್ ಒಳ್ಳೆಯ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ತಿಂಗಳಿಗೆ 200 ಮಿಲಿಲೀಟರ್ ಹೋದರೆ 100 ಮಿಲಿಗ್ರಾಂ ಹೋಯಿತು. ಊಟದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ, ಅದರಲ್ಲೂ ಒಂದು ಪಾಲು ಮೈಯ ದಿನದ ಖರ್ಚಿಗೇ ಹೋಗುತ್ತದೆ. ಬಾವಿಯ ತಳ ಸೋರುತ್ತಿರುವಾಗ ಕೊಡದಲ್ಲಿ ತಂದು ಸುರಿದ ಹಾಗೆ. ಐರನ್ ಮಾತ್ರೆ ತೆಗೆದುಕೊಳ್ಳುವುದಾದರೆ ಬರಿಹೊಟ್ಟೆಯಲ್ಲಿ ಅಥವಾ ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳಿ, ಚಹಾ ಕಾಫಿ ಒಂದೆರಡು ಗಂಟೆ ದೂರ ಇಡಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಇಷ್ಟು ರಕ್ತ ಹೋಗುತ್ತಿರುವಾಗ ಮಾತ್ರೆ ಸಾಲದೆ ಬರಬಹುದು, ಹೊಟ್ಟೆಗೂ ಹಿಡಿಸದಿರಬಹುದು. ಅವರಿಗೆ ಸಾಲಲಿಲ್ಲ. ಹಾಗಾಗಿ ನರಕ್ಕೆ ಡ್ರಿಪ್‌ನಲ್ಲಿ ಐರನ್ ಕೊಟ್ಟೆವು, 1000 ಮಿಲಿಗ್ರಾಂ. ಆಸ್ಪತ್ರೆಯಲ್ಲಿ ಕೂತು ಹಾಕಿಸಿಕೊಂಡು, ಸ್ವಲ್ಪ ಹೊತ್ತು ಅಲ್ಲೇ ಇದ್ದು ಸಂಜೆ ಬಸ್ಸಿಗೆ ಮನೆಗೆ ಹೋದರು.

ಮುಟ್ಟಿನ ಹೆಚ್ಚು ಹೋಗುವ ದಿನಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟೆವು, 500 ಮಿಲಿಗ್ರಾಂನ ಎರಡೆರಡು ಮಾತ್ರೆ ದಿನಕ್ಕೆ ಮೂರು ಹೊತ್ತು, ನಾಲ್ಕು ದಿನ. ಇದು ರಕ್ತ ಕಡಿಮೆ ಮಾಡುತ್ತದೆ, ನೋವಿಗೆ ಅಲ್ಲ. ನೋವಿಗೆ ಮೆಫೆನಾಮಿಕ್ ಆಸಿಡ್, ಊಟವಾದ ಮೇಲೆ. ನೋವು ಶುರುವಾದ ಕೂಡಲೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ, ತಡೆದು ತಡೆದು ಸಾಕಾದ ಮೇಲೆ ತೆಗೆದುಕೊಂಡರೆ ಅಷ್ಟು ಮಾಡುವುದಿಲ್ಲ. ಕಾಲಿನ ನರದಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಮೊದಲನೆಯದು ಬೇಡ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರು ಎರಡನೆಯದನ್ನು ಕೇಳದೆ ತೆಗೆದುಕೊಳ್ಳಬಾರದು. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್‌ನಿಂದ ತರಬೇಡಿ.

ಇವೆಲ್ಲ ತಾತ್ಕಾಲಿಕ. ಮುಖ್ಯ ಚಿಕಿತ್ಸೆ ಆಗಿ ಅವರು ಒಪ್ಪಿದ್ದು ಹಾರ್ಮೋನ್ ಇರುವ ಕೋಯಿಲ್, ಗರ್ಭಕೋಶದೊಳಗೆ ಇಡುವುದು. ಮಕ್ಕಳು ಬೇಡ ಅಂತ ಹಾಕಿಸುವ ತಾಮ್ರದ ಕಾಪರ್-ಟಿ ಬೇರೆ, ಅದು ಮುಟ್ಟನ್ನು ಜಾಸ್ತಿ ಮಾಡುತ್ತದೆ. ಇದರಲ್ಲಿ ಲೆವೊನಾರ್‌ಜೆಸ್ಟ್ರೆಲ್ ಅನ್ನುವ ಹಾರ್ಮೋನ್ 52 ಮಿಲಿಗ್ರಾಂ ಇರುತ್ತದೆ, ಪ್ರತಿದಿನ ಸ್ವಲ್ಪ ಸ್ವಲ್ಪ ಅಲ್ಲೇ ಬಿಡುತ್ತದೆ. ಒಳಪದರ ತೆಳುವಾಗುತ್ತದೆ, ಗೋಡೆಯೊಳಗಿನ ಚೂರುಗಳೂ ಒಣಗುತ್ತಾ ಬರುತ್ತವೆ. ಹೆಚ್ಚಿನ ರಕ್ತಸ್ರಾವಕ್ಕೆ ಅಂತ ಹಾಕಿದರೆ ಐದು ವರ್ಷ ನಡೆಯುತ್ತದೆ.

ಇದರ ಕಷ್ಟವನ್ನು ಮೊದಲೇ ಹೇಳಬೇಕು, ಹೇಳದೆ ಹಾಕಿದರೆ ಮೂರನೇ ತಿಂಗಳಿಗೆ ತೆಗೆಸಲಿಕ್ಕೆ ಬರುತ್ತಾರೆ. ಮೊದಲ ಮೂರರಿಂದ ಆರು ತಿಂಗಳು ಲೆಕ್ಕವಿಲ್ಲದೆ ಸ್ವಲ್ಪ ಸ್ವಲ್ಪ ಕಲೆ ಆಗುತ್ತಿರುತ್ತದೆ. ಅವರಿಗೆ ಎರಡನೇ ತಿಂಗಳಲ್ಲಿ ಇಪ್ಪತ್ತು ದಿನ ಕಲೆ ಇತ್ತು. ಅವರ ಮನೆಯಲ್ಲಿ ಮುಟ್ಟಾದರೆ ಅಡುಗೆಮನೆಗೆ, ದೇವರಕೋಣೆಗೆ ಹೋಗುವ ಕ್ರಮ ಇಲ್ಲ. ಇಪ್ಪತ್ತು ದಿನ ಹೊರಗಿದ್ದರೆ ಮನೆ ನಡೆಯುವುದು ಹೇಗೆ? ಅತ್ತೆ ತೆಗೆಸಿಬಿಡು ಅಂದರಂತೆ. ಇಬ್ಬರನ್ನೂ ಕೂರಿಸಿ ಹೇಳಿದೆ, ಇದು ಮುಟ್ಟಲ್ಲ ಅಮ್ಮ, ಔಷಧಿಗೆ ಒಳಪದರ ಹೊಂದಿಕೊಳ್ಳುವಾಗ ಆಗುವ ಕಲೆ, ಇನ್ನು ಮೂರು ತಿಂಗಳು ತಾಳಿಕೊಳ್ಳಿ ಅಂತ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಮದ್ದಿನ ಕಲೆಗೆ ಮಡಿ ಯಾಕೆ, ಅಲ್ವಾ" ಅಂದರು. ಐದನೇ ತಿಂಗಳಿಗೆ ತಿಂಗಳಲ್ಲಿ ಎರಡು ದಿನ ಬರೀ ಕಲೆ. ಆರನೇ ತಿಂಗಳಿಗೆ ಹಿಮೋಗ್ಲೋಬಿನ್ 11.4. ನೋವು ಪೂರ್ತಿ ಹೋಗಿಲ್ಲ, ಆದರೆ ಮಾತ್ರೆ ಇಲ್ಲದೆ ಕೂತು ಬೀಡಿ ಕಟ್ಟಬಹುದು ಎನ್ನುತ್ತಾರೆ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳುವುದಿಲ್ಲ. ಗರ್ಭಕೋಶ ಬಹಳ ದೊಡ್ಡದಿದ್ದರೆ, ರಕ್ತದ ರಭಸ ಜಾಸ್ತಿ ಇದ್ದರೆ ಕೋಯಿಲ್ ಜಾರಿ ಹೊರಗೆ ಬೀಳುವ ಸಂಭವ ಹೆಚ್ಚು. ಅದಕ್ಕೇ ಒಂದೂವರೆ ತಿಂಗಳಿಗೆ ಬಂದು ಕೋಯಿಲ್‌ನ ನೂಲು ಇದೆಯಾ ಅಂತ ತೋರಿಸಿಕೊಳ್ಳಬೇಕು. ದೊಡ್ಡ ಹೆಪ್ಪಿನ ಜೊತೆ ಬಿದ್ದರೆ ಗೊತ್ತೇ ಆಗುವುದಿಲ್ಲ. ಫೈಬ್ರಾಯ್ಡ್ ಒಳಗೆ ಚಾಚಿಕೊಂಡು ಕುಹರ ಸೊಟ್ಟಗಾಗಿದ್ದರೂ ಕೋಯಿಲ್ ಸರಿಯಾಗಿ ಕೂರುವುದಿಲ್ಲ. ಅಂಥವರಿಗೆ ಆ ಫೈಬ್ರಾಯ್ಡನ್ನು ದುರ್ಬೀನು ಹಾಕಿ ಕೆಳಗಿನಿಂದಲೇ ತೆಗೆದರೆ ರಕ್ತ ನಿಲ್ಲುತ್ತದೆ, ಹೊಟ್ಟೆ ಕೊಯ್ಯುವುದೇ ಬೇಡ. ನೋಡಿ, ಒಂದೇ ದೂರು, ಎರಡು ಬೇರೆ ದಾರಿ. ಕೋಯಿಲ್ ಬೇಡ ಅನ್ನುವವರಿಗೆ ಡೈನೋಜೆಸ್ಟ್ 2 ಮಿಲಿಗ್ರಾಂ ಮಾತ್ರೆ ಇದೆ, ದಿನಕ್ಕೊಂದು. ನೋವಿಗೆ ಚೆನ್ನಾಗಿ ಆಗುತ್ತದೆ, ಆದರೆ ಅದರಲ್ಲೂ ಮೊದಲು ಕಲೆ ಬರುತ್ತದೆ, ಬಹಳ ರಕ್ತಹೀನತೆ ಇದ್ದವರಿಗೆ ನಾನು ಅದರಿಂದ ಶುರು ಮಾಡುವುದಿಲ್ಲ.

ಕೋಯಿಲ್ ಹಾಕುವ ಮೊದಲು ಒಳಪದರದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ತೆಳು ನಳಿಕೆ ಹಾಕಿ ಹೊರರೋಗಿ ವಿಭಾಗದಲ್ಲೇ ಮಾಡಬಹುದು, ಒಂದು ನಿಮಿಷ ಹಿಡಿದು ಎಳೆದ ಹಾಗೆ ನೋವಾಗುತ್ತದೆ. 45 ದಾಟಿದವರಿಗೆ ಮಾಡಲೇಬೇಕು. ನಿಮಗೆ 43, ಆದರೂ ಎರಡು ವರ್ಷದಿಂದ ಹೋಗುತ್ತಿದೆ. ತೂಕ ಜಾಸ್ತಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮುಟ್ಟಿನ ನಡುವೆಯೂ ಕಲೆ ಕಾಣುತ್ತಿದ್ದರೆ ಬಿಡಬೇಡಿ. ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತಲೂ ನೋಡಿ.

ಈಗ ಆ 78. ಸಿಎ 125 ಸಾಮಾನ್ಯವಾಗಿ 35ರ ಕೆಳಗೆ ಇರಬೇಕು ಅಂತ ರಿಪೋರ್ಟಿನಲ್ಲೇ ಅಚ್ಚಾಗಿರುತ್ತದೆ, ಅದನ್ನು ನೋಡಿಯೇ ಎದೆ ಧಸಕ್ ಅನ್ನುವುದು. ಆದರೆ ಇದು ಕ್ಯಾನ್ಸರ್‌ನಲ್ಲಿ ಮಾತ್ರ ಏರುವ ವಸ್ತು ಅಲ್ಲ. ಅಡಿನೋಮಯೋಸಿಸ್‌ನಲ್ಲಿ ಏರುತ್ತದೆ, ಒಳಪದರದಂಥದ್ದೇ ಗರ್ಭಕೋಶದ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್‌ನಲ್ಲಿ ಏರುತ್ತದೆ, ಬರೀ ಮುಟ್ಟಿನ ದಿನಗಳಲ್ಲಿ ರಕ್ತ ತೆಗೆದರೂ ಏರಿರಬಹುದು. ನಿಮ್ಮ ವಯಸ್ಸಿನಲ್ಲಿ, ಈ ಲಕ್ಷಣಗಳ ಜೊತೆ, ಆ ಒಂದು ಸಂಖ್ಯೆಯಿಂದ ಕ್ಯಾನ್ಸರ್ ಅಂತ ಹೇಳಲಿಕ್ಕೆ ಬರುವುದಿಲ್ಲ. ನೋಡಬೇಕಾದದ್ದು ಅಂಡಾಶಯ. ಒಳಗಿನ ಸ್ಕ್ಯಾನಿನಲ್ಲಿ ಎರಡೂ ಅಂಡಾಶಯ ಸರಿಯಾಗಿದ್ದು, ಹೊಟ್ಟೆಯಲ್ಲಿ ನೀರಿಲ್ಲದಿದ್ದರೆ ಆ ಚಿಂತೆ ಬಿಡಬಹುದು. ಅಲ್ಲಿ ಏನಾದರೂ ಕಂಡರೆ ಮಾತ್ರ ಮುಂದಿನ ಪರೀಕ್ಷೆ. ಕಾರಣವಿಲ್ಲದೆ ಈ ಪರೀಕ್ಷೆ ಬರೆಯುವುದನ್ನು ನಾನು ಒಪ್ಪುವುದಿಲ್ಲ, ಎಷ್ಟೋ ಹೆಂಗಸರು ಈ ಕಾಗದ ಹಿಡಿದು ವಾರಗಟ್ಟಲೆ ನಿದ್ದೆಗೆಟ್ಟದ್ದನ್ನು ನೋಡಿದ್ದೇನೆ.

ಗರ್ಭಕೋಶ ತೆಗೆಯುವ ಮಾತು. ಅಡಿನೋಮಯೋಸಿಸ್‌ಗೆ ಅದು ಖಂಡಿತ ಪರಿಹಾರ, ಗರ್ಭಕೋಶ ಹೋದ ಮೇಲೆ ಆ ರೋಗವೂ ಇಲ್ಲ. ಹಿಂದೆ ಈ ರೋಗ ಇತ್ತು ಅಂತ ಗೊತ್ತಾಗುತ್ತಿದ್ದದ್ದೇ ತೆಗೆದ ಗರ್ಭಕೋಶವನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಈಗ ಹಾಗಲ್ಲ, ಮೊದಲೇ ತಿಳಿಯುತ್ತದೆ, ಬೇರೆ ಚಿಕಿತ್ಸೆಯೂ ಇದೆ. "ಮಕ್ಕಳಾಯಿತಲ್ಲಾ, ಇನ್ನು ಅದು ಯಾಕೆ" ಅಂತ ಯಾರಾದರೂ ಹೇಳಿದರೆ ಅದು ಕಾರಣವೇ ಅಲ್ಲ. ಔಷಧಿಗೆ, ಕೋಯಿಲ್‌ಗೆ ಆರು ತಿಂಗಳಾದರೂ ಬಗ್ಗದಿದ್ದರೆ, ಹಿಮೋಗ್ಲೋಬಿನ್ ಮತ್ತೆ ಮತ್ತೆ ಬೀಳುತ್ತಿದ್ದರೆ, ನಿಮಗೇ ಇನ್ನು ಸಾಕು ಅನಿಸಿದರೆ ಅದು ಸರಿಯಾದ ಕಾರಣ, ಆಗ ತೆಗೆಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಒಂದು ವಿಷಯ ಮಾತ್ರ ಸಹಿ ಹಾಕುವ ಮೊದಲು ಬಾಯಿಬಿಟ್ಟು ಕೇಳಿ, ಅಂಡಾಶಯ ಉಳಿಸುತ್ತೀರಾ ಅಂತ. 43ಕ್ಕೆ ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ಕಷ್ಟವೆಲ್ಲ ಒಂದೇ ದಿನ ಮೈಮೇಲೆ ಬರುತ್ತದೆ, ಎಲುಬು ಬೇಗ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಅಂಡಾಶಯಗಳು ಸರಿಯಾಗಿದ್ದರೆ, ಮನೆಯಲ್ಲಿ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಯಾರಿಗೂ ಆಗಿಲ್ಲದಿದ್ದರೆ ಅವು ಅಲ್ಲೇ ಇರಲಿ.

ಇದು ಮುಟ್ಟು ಇರುವವರೆಗಿನ ರೋಗ ಅನ್ನುವುದೂ ನೆನಪಿರಲಿ. ಮುಟ್ಟು ನಿಂತ ಮೇಲೆ ಗೋಡೆಯೊಳಗಿನ ಚೂರುಗಳೂ ಸುಮ್ಮನಾಗುತ್ತವೆ, ಗರ್ಭಕೋಶ ಸಣ್ಣದಾಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ 45ರಿಂದ 50ರೊಳಗೆ ನಿಲ್ಲುತ್ತದೆ. ಅಂದರೆ ನೀವು ದಾಟಬೇಕಾದದ್ದು ಕೆಲವು ವರ್ಷ. ಒಂದು ಕೋಯಿಲ್‌ನಲ್ಲೇ ಆ ದಡ ಸೇರಿದವರು ನನ್ನಲ್ಲಿಗೆ ಬರುವವರಲ್ಲಿ ಬೇಕಷ್ಟು ಇದ್ದಾರೆ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು. ಈ ಸಲದ ಮುಟ್ಟಿನಲ್ಲಿ ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸಿದಿರಿ, ಹೆಪ್ಪು ಎಷ್ಟು ದೊಡ್ಡದು, ನೋವು ಯಾವ ದಿನ ಶುರುವಾಯಿತು ಅಂತ ಕ್ಯಾಲೆಂಡರಿನ ಚೌಕದಲ್ಲೇ ಬರೆದಿಡಿ. ಬಟ್ಟೆ ಬಳಸುವವರಾದರೆ ಬಟ್ಟೆಯ ಲೆಕ್ಕ. ಎರಡು ಗಂಟೆ ಮೇಲಿಂದ ಮೇಲೆ ಗಂಟೆಗೊಂದು ಪ್ಯಾಡ್ ತೋಯ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಕೂತಲ್ಲೇ ಎದೆ ಹೊಡೆದುಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮುಟ್ಟು ಮುಗಿದ ಮೇಲೆ ಒಳಗಿನಿಂದ ಸ್ಕ್ಯಾನ್ ಮಾಡಿಸಿ, ಎರಡೂ ಹಳೆಯ ರಿಪೋರ್ಟ್, ಫಿಲಂ ಎರಡನ್ನೂ ಅಲ್ಲಿಗೆ ಒಯ್ಯಿರಿ. ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ: ಮೊದಲಿನ ರಿಪೋರ್ಟಿನ ಆ ಗಡ್ಡೆಗೆ ಅಂಚು ಇದೆಯಾ, ರಕ್ತನಾಳ ಅದರ ಸುತ್ತ ಹೋಗುತ್ತದಾ ನಡುವಿನಿಂದ ಹೋಗುತ್ತದಾ, ಎರಡು ಗೋಡೆಗಳ ದಪ್ಪ ಎಷ್ಟೆಷ್ಟು, ಇಷ್ಟನ್ನು ರಿಪೋರ್ಟಿನಲ್ಲಿ ಬರೆದು ಕೊಡಿ ಅಂತ. ಕೇಳಲಿಕ್ಕೆ ಸಂಕೋಚ ಆದರೆ ಈ ಸಾಲನ್ನೇ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ.